ನೀರಿನ ಲೆಕ್ಕ, ಗಾಳಿಯ ಲೆಕ್ಕ

ಜೂನ್ 3, ಮಂಗಳವಾರ. ಬೆಳಗಿನ ಜಾವ 4:20

ಡಾಕ್ ಆಫೀಸಿನ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮತ್ತೆ ಕೂಗಿತು. ಡಿಸ್‌ಪ್ಲೇಯಲ್ಲಿ 64 ಪಿಪಿಎಂ. ಜನರೇಟರ್ ಓಡುತ್ತಿರಲಿಲ್ಲ, ರಾತ್ರಿ ಪೂರ್ತಿ ಕರೆಂಟ್ ಇತ್ತು. ಡಾಕ್‌ನಲ್ಲಿ ಒಂದು ಲಾರಿಯೂ ಇಲ್ಲ. ಹೊಗೆ ಇಲ್ಲ, ವಾಸನೆ ಇಲ್ಲ. ಬಾಗಿಲು ತೆಗೆದಿಟ್ಟೆ. ಅರ್ಧ ಗಂಟೆಗೆ ಅಂಕಿ ಇಳಿಯಿತು.

ಸೆಕ್ಯುರಿಟಿ ತಾತ ಬಂದು, "ಅದರ ಸೆಲ್ ಕಿತ್ತು ಹಾಕಿ ಸಾರ್, ಸುಮ್ನೆ ಹೊಡ್ಕೊಳ್ತದೆ" ಅಂದ. ಕೀಳಲಿಲ್ಲ. ಜನವರಿಯಲ್ಲಿ ಜನರೇಟರ್ ಹೊಗೆ ಒಳಗೆ ಬರುತ್ತದೆಂದು ತಂದದ್ದು. ಮೇ ಕೊನೆಯವರೆಗೆ ಒಮ್ಮೆಯೂ ಕೂಗಿರಲಿಲ್ಲ. ಈಗೇಕೆ?

ಜೂನ್ 5, ಗುರುವಾರ

ನೆಲಮಂಗಲದ ಕಡೆಯಿಂದ ಸಂಜೆಗೇ ಮಳೆ. ಗೋದಾಮಿನ ಶೀಟಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ ಫೋನಿನಲ್ಲಿ ಮಾತಾಡಲು ಆಗಲಿಲ್ಲ.

ರಾತ್ರಿ ಹತ್ತಕ್ಕೆ ಎರಡನೇ ಶಿಫ್ಟ್ ಮುಗಿಸಿ ಎಂಟೂ ಫೋರ್ಕ್‌ಲಿಫ್ಟ್‌ಗಳು ಚಾರ್ಜಿಂಗ್ ರೂಮಿಗೆ ಬಂದವು. ಎಲ್ಲವೂ 48 ವೋಲ್ಟಿನ, 600 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ. ಒಂದೊಂದರಲ್ಲೂ 24 ಸೆಲ್. ಸೀಟು ಎತ್ತಿ ಬ್ಯಾಟರಿಯ ಗೂಡು ತೆರೆದಿಟ್ಟೇ ಚಾರ್ಜಿಗೆ ಹಾಕಬೇಕು. ಇವತ್ತು ಮೂರು ಗಾಡಿಗಳ ಸೀಟು ಮುಚ್ಚಿತ್ತು. ಕೇಳಿದರೆ, "ಮೇಲಿಂದ ನೀರು ತೊಟ್ಟಿಕ್ತದೆ ಸಾರ್, ಅದಕ್ಕೇ" ಅಂದರು. ತೊಟ್ಟಿಕ್ಕುವುದು ನಿಜ. ಗಾಡಿಗಳನ್ನು ಸರಿಸಿ ನಿಲ್ಲಿಸಿ ಸೀಟು ಎತ್ತಿಸಿದೆ. ನಾನಿಲ್ಲದ ರಾತ್ರಿ ಯಾರು ಎತ್ತಿಸುತ್ತಾರೆ?

ಜೂನ್ 6, ಶುಕ್ರವಾರ. ಬೆಳಗಿನ ಜಾವ

ಅಲಾರಂ. ಹೆಚ್ಚು ಕಡಿಮೆ ಅದೇ ಹೊತ್ತು, ನಾಲ್ಕಕ್ಕೆ ಸ್ವಲ್ಪ ಮುಂಚೆ. ಗೋಡೆಗೆ ಒಂದು ಹಾಳೆ ಅಂಟಿಸಿ ಸಮಯ ಬರೆಯತೊಡಗಿದ್ದೇನೆ.

ಜೂನ್ 8, ಭಾನುವಾರ

ಶನಿವಾರ ರಾತ್ರಿ ಈಕ್ವಲೈಸಿಂಗ್ ಚಾರ್ಜ್. ವಾರಕ್ಕೊಮ್ಮೆ ಎಲ್ಲ ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ತರಲು ಕೆಲವು ಗಂಟೆ ಹೆಚ್ಚಿಗೆ ಚಾರ್ಜಿಗಿಡುತ್ತೇವೆ. ಆ ಹೆಚ್ಚಿನ ಗಂಟೆಗಳಲ್ಲಿ ಆಸಿಡ್ ಕುದಿಯುವ ಹಾಗೆ ಗುಳ್ಳೆ ಏಳುತ್ತದೆ. ಅಲಾರಂ ಈ ರಾತ್ರಿ ನಿಲ್ಲಲೇ ಇಲ್ಲ. ಆಫೀಸ್ ಹುಡುಗ ಅದನ್ನು ಬಿಚ್ಚಿ ಡ್ರಾಯರಿನಲ್ಲಿಟ್ಟು ಹೋಗಿದ್ದ. ತೆಗೆದು ಮತ್ತೆ ಗೋಡೆಗೆ ಹಾಕಿದೆ.

ಈಕ್ವಲೈಸಿಂಗ್ ರಾತ್ರಿಯೇ ಯಾಕೆ ಹೆಚ್ಚು? ಆಫೀಸಿಗೂ ಚಾರ್ಜಿಂಗ್ ರೂಮಿಗೂ ನಡುವೆ ಒಂದೇ ಗೋಡೆ.

ಜೂನ್ 11, ಬುಧವಾರ. ರಾತ್ರಿ 11

ಕೈ ಇನ್ನೂ ನಡುಗುತ್ತಿದೆ.

ಬ್ಯಾಟರಿ ನೋಡಿಕೊಳ್ಳುವ ರಾಯಚೂರಿನ ಹುಡುಗನ ಕಣ್ಣಿಗೆ ಆಸಿಡ್ ಸಿಡಿಯಿತು. ಮಧ್ಯಾಹ್ನ ಒಂದು ಗಾಡಿ ಅರ್ಜೆಂಟಾಗಿ ಚಾರ್ಜಿಗೆ ಬಂದಿತ್ತು. ಚಾರ್ಜಿಗೆ ಹಾಕುವ ಮೊದಲೇ ಯಾರೋ ಸೆಲ್‌ಗಳ ಕತ್ತಿನವರೆಗೆ ಡಿಸ್ಟಿಲ್ಡ್ ವಾಟರ್ ತುಂಬಿದ್ದರು. ಚಾರ್ಜ್ ಏರಿದಂತೆ ದ್ರವ ಹಿಗ್ಗುತ್ತದೆ, ಗುಳ್ಳೆಗಳು ಅದನ್ನು ಇನ್ನೂ ಮೇಲಕ್ಕೆತ್ತುತ್ತವೆ. ಅದಕ್ಕೇ ನೀರು ಹಾಕುವುದು ಚಾರ್ಜ್ ಮುಗಿದ ಮೇಲೆ. ಮೊದಲು ಹಾಕಬೇಕಾಗಿ ಬಂದರೆ ಪ್ಲೇಟು ಮುಳುಗುವಷ್ಟು ಮಾತ್ರ. ಬ್ಯಾಟರಿಯ ತಲೆಯ ಮೇಲೆಲ್ಲ ಆಸಿಡ್ ಉಕ್ಕಿ ನಿಂತಿತ್ತು. ಏನಾಯಿತೆಂದು ನೋಡಲು ಹುಡುಗ ಬಗ್ಗಿ ಒಂದು ಮುಚ್ಚಳ ತೆಗೆದ. ಗುಳ್ಳೆ ಜೋರಾಗಿ ಏಳುತ್ತಿದ್ದ ಹೊತ್ತು, ಸಿಡಿಯಿತು.

ಗಾಗಲ್ಸ್ ಇತ್ತು, ಹಣೆಯ ಮೇಲೆ. ಈ ತೇವದಲ್ಲಿ ಅದು ನಿಮಿಷಕ್ಕೊಮ್ಮೆ ಮಂಜಾಗುತ್ತದೆ, ಮಟ್ಟ ನೋಡುವಾಗ ಎಲ್ಲರೂ ಮೇಲೆ ಸರಿಸುತ್ತಾರೆ.

ಐ ವಾಷ್ ಇರುವುದು ಹತ್ತು ಹೆಜ್ಜೆ ದೂರದಲ್ಲಿ. ಅದರ ಮುಂದೆ ಖಾಲಿ ಪ್ಯಾಲೆಟ್‌ಗಳ ಸಾಲು. ಒದ್ದು ಸರಿಸಿ ಅವನ ತಲೆ ಹಿಡಿದು ಬಗ್ಗಿಸಿದೆ. ರೆಪ್ಪೆ ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಬೆರಳಿನಿಂದ ಬಿಡಿಸಿ ಹಿಡಿದೆ. ಒಂದೆರಡು ನಿಮಿಷಕ್ಕೆ, "ಉರಿ ಕಡಿಮೆ ಆಯ್ತಣ್ಣ, ಸಾಕು ಬಿಡಿ" ಅಂದ. ಬಿಡಲಿಲ್ಲ. ಕನಿಷ್ಠ ಹದಿನೈದು ನಿಮಿಷ ನೀರು ಹರಿಯಬೇಕು. ಉರಿ ಇಳಿದ ಮಾತ್ರಕ್ಕೆ ಆಸಿಡ್ ಹೋಯಿತು ಅಂತಲ್ಲ. ಯಾರೋ ಸೋಡಾ ಪುಡಿ ಡಬ್ಬ ಹಿಡಿದು ಓಡಿ ಬಂದರು. ಅದು ನೆಲಕ್ಕೆ ಚೆಲ್ಲಿದ ಆಸಿಡ್‌ಗೆ, ನೊರೆ ನಿಲ್ಲುವವರೆಗೆ ಉದುರಿಸಲು. ಕಣ್ಣಿಗೆ ಬರೀ ನೀರು. ಕೂಗಿ ವಾಪಸ್ ಕಳಿಸಿದೆ.

ಆಮೇಲೆ ಆಸ್ಪತ್ರೆ. ಕಣ್ಣಿನ ಮೇಲ್ಪದರ ಸುಟ್ಟಿದೆ, ಎರಡು ದಿನ ಬಿಟ್ಟು ಕರೆತನ್ನಿ ಎಂದರು ಡಾಕ್ಟರ್. ತಡಮಾಡದೆ ತೊಳೆದದ್ದು ಒಳ್ಳೆಯದಾಯಿತು ಎಂದರು. ಪ್ಯಾಲೆಟ್ ಒದೆಯುವುದಕ್ಕೆ ಹೋದ ಸೆಕೆಂಡುಗಳೇ ತಲೆಯಲ್ಲಿ ಓಡುತ್ತಿವೆ.

ಜೂನ್ 12, ಗುರುವಾರ

ಐ ವಾಷ್ ಮುಂದೆ ಹಳದಿ ಪಟ್ಟಿ ಬಳಿಸಿದೆ. ಪಟ್ಟಿ ಒಣಗುವ ಮೊದಲೇ ಅದರ ಮೇಲೆ ಟ್ರಾಲಿ ನಿಂತಿತ್ತು. ಇಬ್ಬರ ಮೇಲೆ ರೇಗಿದೆ. ಪೈಪು ಹಾಕಿಸಿ ಎರಡು ಕಂಬ ನೆಡಿಸಬೇಕು, ಬಣ್ಣದಿಂದ ಆಗದು.

ನೀರು ಬರುವುದು ಮೇಲಿನ ಕಪ್ಪು ಟ್ಯಾಂಕಿನಿಂದ. ಈಗ ಮಳೆಗಾಲ, ತಣ್ಣಗಿದೆ. ಏಪ್ರಿಲ್ ಮಧ್ಯಾಹ್ನ ಆ ನಲ್ಲಿಯಲ್ಲಿ ಕೈ ಇಡಲು ಆಗುತ್ತಿರಲಿಲ್ಲ. ಆಗ ಇದಾಗಿದ್ದರೆ ಹದಿನೈದು ನಿಮಿಷ ಯಾರು ಕಣ್ಣು ಒಡ್ಡುತ್ತಿದ್ದರು? ಟ್ಯಾಂಕಿಗೆ ನೆರಳು, ಪೈಪಿಗೆ ಹೊದಿಕೆ. ಬರೆದುಕೊಂಡೆ.

ಹುಡುಗನ ಕೆಲಸದ ಪ್ಯಾಂಟನ್ನು ಅವನ ರೂಮಿನವರು ಒಗೆದು ತಂದಿದ್ದರು. ನಿನ್ನೆ ಅದರ ಮೇಲೆ ಒಂದು ಕಲೆಯೂ ಕಾಣಿಸಿರಲಿಲ್ಲ. ಇವತ್ತು ತೊಡೆಯಿಂದ ಮೊಣಕಾಲಿನವರೆಗೆ ಜರಡಿಯ ಹಾಗೆ ತೂತು. ಹತ್ತಿ ಬಟ್ಟೆಯನ್ನು ಆಸಿಡ್ ಕಾಣದಂತೆ ತಿಂದಿರುತ್ತದೆ, ಒಗೆದಾಗ ಎಳೆ ಉದುರುತ್ತದೆ. ಬೆಳಕಿಗೆ ಹಿಡಿದು ನೋಡಿದೆ. ಇಷ್ಟು ಹನಿ ಸಿಡಿದಿತ್ತು, ಅದರಲ್ಲಿ ಒಂದೋ ಎರಡೋ ಕಣ್ಣಿಗೆ.

ಜೂನ್ 14, ಶನಿವಾರ

ಮುಚ್ಚಳ ತೆಗೆದು ಬಗ್ಗಿ ನೋಡುವ ಕೆಲಸ ಯಾಕೆ ಇಷ್ಟು ಸಲ ಬರುತ್ತಿದೆ ಎಂದು ನೀರಿನ ರಿಜಿಸ್ಟರ್ ತೆಗೆದು ಕೂತೆ. ಯಾವ ಬ್ಯಾಟರಿಗೆ ಎಷ್ಟು ಲೀಟರ್ ಹಾಕಿದರು ಎಂದು ಹುಡುಗ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ. ಆ ಪುಸ್ತಕವನ್ನು ಯಾರೂ ಓದುವುದಿಲ್ಲ.

ಬೇರೆ ಬ್ಯಾಟರಿಗಳು ವಾರಕ್ಕೆ ಸುಮಾರು 4 ಲೀಟರ್ ಕುಡಿಯುತ್ತವೆ. ಐದನೇ ನಂಬರ್ ಬ್ಯಾಟರಿ ಏಪ್ರಿಲ್‌ವರೆಗೆ ಹಾಗೇ ಇತ್ತು. ಮೇ ಮಧ್ಯದಿಂದ 7, 9, 10 ಲೀಟರ್.

ಕುಡಿದ ನೀರು ಎಲ್ಲಿಗೆ ಹೋಯಿತು? ಸ್ವಲ್ಪ ಆವಿಯಾಗಿರಬಹುದು. ಉಳಿದದ್ದು ಒಡೆದು ಹೈಡ್ರೋಜನ್, ಆಮ್ಲಜನಕ ಆಗಿದೆ. ಒಂದು ಲೀಟರ್ ನೀರು ಪೂರ್ತಿ ಒಡೆದರೆ ಸುಮಾರು 1,240 ಲೀಟರ್ ಹೈಡ್ರೋಜನ್. ಹತ್ತು ಲೀಟರಿಗೆ 12 ಘನಮೀಟರಿನ ಮೇಲೆ. ಒಂದೇ ಬ್ಯಾಟರಿಯಿಂದ, ಒಂದೇ ವಾರದಲ್ಲಿ.

ನಮ್ಮಲ್ಲಿ ಗ್ಯಾಸ್ ಮೀಟರ್ ಇಲ್ಲ ಅಂದುಕೊಂಡಿದ್ದೆವು. ಇಷ್ಟು ದಿನವೂ ಈ ರಿಜಿಸ್ಟರ್ ಆ ಕೆಲಸ ಮಾಡುತ್ತಿತ್ತು.

ಜೂನ್ 15, ಭಾನುವಾರ. ಮನೆಯಲ್ಲಿ

ನಿದ್ದೆ ಬರದೆ ಲೆಕ್ಕ ಹಾಕಿದೆ.

ಚಾರ್ಜ್ ಆಗುತ್ತಿರುವ ಸೆಲ್‌ನ ವೋಲ್ಟೇಜ್ ಸುಮಾರು 2.4 ದಾಟಿದ ಮೇಲೆ ಕರೆಂಟು ಪ್ಲೇಟಿಗೆ ಹೋಗುವ ಬದಲು ನೀರನ್ನು ಒಡೆಯಲು ಹೋಗುತ್ತದೆ. ಹತ್ತಕ್ಕೆ ಪ್ಲಗ್ ಹಾಕಿದರೆ ಆ ಹಂತ ಬರುವುದು ನಾಲ್ಕು ನಾಲ್ಕೂವರೆ ಗಂಟೆಯ ಮೇಲೆ, ಅಂದರೆ ಎರಡೂವರೆಯ ಹೊತ್ತಿಗೆ. ಎಂಟೂ ಬ್ಯಾಟರಿ ಒಟ್ಟಿಗೆ. ಗೋಡೆಯ ಹಾಳೆಯಲ್ಲಿ ಅಲಾರಂ ಸಮಯ ಎಲ್ಲ ಮೂರೂವರೆ, ನಾಲ್ಕು.

ಒಂದು ಸೆಲ್‌ನಲ್ಲಿ ಒಂದು ಆಂಪಿಯರ್ ಒಂದು ಗಂಟೆ ಹೀಗೆ ಹೋದರೆ 0.42 ಲೀಟರ್ ಹೈಡ್ರೋಜನ್. ಕೊನೆಯ ಹಂತದಲ್ಲಿ ಚಾರ್ಜರ್ ಮೀಟರ್ 30 ಆಂಪಿಯರ್ ತೋರಿಸುತ್ತದೆ. 24 ಸೆಲ್, 30 ಆಂಪಿಯರ್: ಗಂಟೆಗೆ 302 ಲೀಟರ್. ಎಂಟಕ್ಕೆ 2.4 ಘನಮೀಟರ್.

ರೂಮು 8 ಮೀಟರ್, 6 ಮೀಟರ್, ಎತ್ತರ 5. ಒಟ್ಟು 240 ಘನಮೀಟರ್. ಗಾಳಿ ಆಡದಿದ್ದರೆ, ಎಲ್ಲ ಸಮನಾಗಿ ಬೆರೆತರೂ ಒಂದೇ ಗಂಟೆಯಲ್ಲಿ ಶೇ. 1. ಶೇ. 4ಕ್ಕೆ ಬೆಂಕಿ ಹಿಡಿಯುತ್ತದೆ. ಕಾಲು ಭಾಗ, ಅಂದರೆ ಶೇ. 1 ಮುಟ್ಟಿತೆಂದರೆ ಕೆಲಸ ನಿಲ್ಲಿಸಬೇಕು ಅನ್ನುವುದು ಅದಕ್ಕೆ. ಆದರೆ ಹೈಡ್ರೋಜನ್ ಸಮನಾಗಿ ಬೆರೆಯುವವರೆಗೆ ಕಾಯುವುದಿಲ್ಲ, ಮೊದಲು ಮೇಲಕ್ಕೆ ಹೋಗುತ್ತದೆ. ಛಾವಣಿಯ ಕೆಳಗಿನ ಒಂದು ಮೀಟರ್ ಪದರದಲ್ಲೇ ನಿಂತಿತು ಅಂದುಕೊಂಡರೆ, ಅಲ್ಲಿ ಶೇ. 1 ಆಗಲು 12 ನಿಮಿಷ.

ಹನ್ನೆರಡು ನಿಮಿಷ. ಮತ್ತೆ ಮತ್ತೆ ಲೆಕ್ಕ ಹಾಕಿದೆ. ಅಷ್ಟೇ ಬರುತ್ತದೆ.

ಫ್ಯಾನ್ ಓಡುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಐಇಸಿ 62485-3 ಸೂತ್ರ: Q = 0.05 × n × I. n ಅಂದರೆ ಸೆಲ್‌ಗಳ ಸಂಖ್ಯೆ, I ಗುಳ್ಳೆ ಏಳಿಸುವ ಕರೆಂಟು. 0.05ರ ಒಳಗೆ ಗ್ಯಾಸನ್ನು ಶೇ. 4ರ ಕೆಳಗೆ ತೆಳುವಾಗಿಸುವ ಲೆಕ್ಕವೂ ಐದು ಪಟ್ಟು ಸುರಕ್ಷತೆಯೂ ಸೇರಿವೆ. ಒಂದು ಬ್ಯಾಟರಿಗೆ ಗಂಟೆಗೆ 36 ಘನಮೀಟರ್ ಹೊಸ ಗಾಳಿ ಬೇಕು. ಎಂಟಕ್ಕೆ 288. ನಮ್ಮ ಎಕ್ಸಾಸ್ಟ್ ಫ್ಯಾನ್ ತಗಡಿನ ಮೇಲೆ 900 ಎಂದಿದೆ.

ಕಾಗದದಲ್ಲಿ ನಾವು ಪಾಸು. ಹಾಗಾದರೆ ಅಲಾರಂ?

ಜೂನ್ 17, ಮಂಗಳವಾರ

ಹಗಲು, ಎಲ್ಲ ಚಾರ್ಜರ್ ಆಫ್, ಶಟರ್ ತೆರೆದು ಗಾಳಿ ಆಡಲು ಬಿಟ್ಟು, ಎಲೆಕ್ಟ್ರಿಷಿಯನ್ ಅಣ್ಣನ ಜೊತೆ ರೂಮು ಪೂರ್ತಿ ನೋಡಿದೆ. ಅವರು ಗಾಳಿ ಎತ್ತ ಹೋಗುತ್ತದೆಂದು ನೋಡಲು ಊದುಬತ್ತಿ ಹಚ್ಚೋಣ ಅಂದರು. ಈ ರೂಮಿನಲ್ಲಿ ಯಾವ ಹೊತ್ತಿನಲ್ಲೂ ಕಿಡಿ ಬೇಡ. ಬಿದಿರು ಕೋಲಿನ ತುದಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ಕಟ್ಟಿದೆವು.

ಶಟರನ್ನು ರಾತ್ರಿ ಇರುವಷ್ಟೇ, ಒಂದು ಗೇಣು ಬಿಟ್ಟು ಇಳಿಸಿದೆವು. ಫ್ಯಾನ್ ಹಾಕಿದೆವು. ಪಟ್ಟಿ ಶಟರಿನ ಸಂದಿಯಿಂದ ಫ್ಯಾನಿನ ಕಡೆಗೆ ಚೆನ್ನಾಗಿ ಹಾರಿತು. ಕೋಲನ್ನು ಮೇಲೆತ್ತುತ್ತ ಹೋದೆ. ಮೂರು ಮೀಟರ್ ಎತ್ತರದಲ್ಲಿ ಪಟ್ಟಿ ಸುಮ್ಮನೆ ಜೋತು ಬಿತ್ತು. ಛಾವಣಿಯ ತನಕವೂ ಹಾಗೇ.

ಫ್ಯಾನ್ ಇರುವುದು ಎರಡು ಮೀಟರ್ ಎತ್ತರದಲ್ಲಿ. ಅದು ಎಳೆಯುವುದು ಎದುರಿನ ಶಟರ್ ಸಂದಿಯ ಹೊಸ ಗಾಳಿಯನ್ನೇ. ಕೆಳಗೆ ಬಂದ ಗಾಳಿ ಕೆಳಗಿನಿಂದಲೇ ನೇರ ಹೊರಗೆ ಹೋಗುತ್ತದೆ. ಮೇಲಿನ ಎರಡು ಮೀಟರ್ ಅದಕ್ಕೆ ಸಿಕ್ಕುವುದೇ ಇಲ್ಲ.

ಮೇಲಿನದನ್ನು ಹೊರಗೆ ಬಿಡಲು ಛಾವಣಿಯಲ್ಲಿ ತಿರುಗುವ ಎರಡು ಟರ್ಬೋ ವೆಂಟಿಲೇಟರ್ ಇವೆ. ಇದ್ದವು. ಏಣಿ ಹತ್ತಿ ನೋಡಿದರೆ ಎರಡಕ್ಕೂ ನೀಲಿ ಟಾರ್ಪಾಲು ಸುತ್ತಿ ನೈಲಾನ್ ಹಗ್ಗ ಬಿಗಿದಿದೆ. ಮೇ ಕೊನೆಯ ವಾರದ ಮಳೆಗೆ ನೀರು ಚಾರ್ಜರ್ ಮೇಲೆ ಬೀಳುತ್ತಿದೆ ಎಂದು ಕಂಪ್ಲೇಂಟ್ ಹೋಗಿತ್ತು. ಯಾರೋ ಬಂದು ಕಟ್ಟಿ ಹೋಗಿದ್ದಾರೆ. ಚಾರ್ಜರಿಗೆ ನೀರು ಬೀಳುವುದೂ ಅಪಾಯವೇ. ಕಟ್ಟಿದವನನ್ನು ಬೈಯಲು ಮನಸ್ಸು ಬರಲಿಲ್ಲ.

ಇನ್ನೊಂದು. ಆಫೀಸಿನ ಕಡೆ ಗೋಡೆಯಲ್ಲಿ, ಛಾವಣಿಗೆ ಒಂದು ಮೊಳ ಕೆಳಗೆ, ಕೇಬಲ್ ಟ್ರೇ ಹಾಯುವ ತೂತು. ಎರಡು ಕೈ ತೂರುವಷ್ಟು ದೊಡ್ಡದು. ಅದರ ಆಚೆಗೆ ಆಫೀಸಿನ ಫಾಲ್ಸ್ ಸೀಲಿಂಗ್.

ಜೂನ್ 19, ಗುರುವಾರ

ಬ್ಯಾಟರಿ ಸರ್ವೀಸ್‌ಗೆ ಬರುವ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಆ ಅಲಾರಂ ಸುಳ್ಳು ಹೇಳ್ತಿಲ್ಲಪ್ಪ. ಅದಕ್ಕೆ ಹೈಡ್ರೋಜನ್ನೂ ಕಾರ್ಬನ್ ಮೊನಾಕ್ಸೈಡೂ ಒಂದೇ ಥರ ಕಾಣ್ತದೆ" ಎಂದರು. ಒಳಗಿನ ಸೆನ್ಸರಿನಲ್ಲಿ ಗ್ಯಾಸು ರಾಸಾಯನಿಕ ಕ್ರಿಯೆಯಾಗಿ ಕರೆಂಟು ಹುಟ್ಟುತ್ತದೆ. ಹೈಡ್ರೋಜನ್ ಬಂದರೂ ಹುಟ್ಟುತ್ತದೆ. 64 ಎಂಬ ಅಂಕಿಗೆ ಅರ್ಥವಿಲ್ಲ. ಕೂಗಿದ್ದಕ್ಕೆ ಅರ್ಥವಿದೆ.

ಹದಿನೈದು ದಿನ ಎಲ್ಲರಿಂದ ಬೈಸಿಕೊಂಡ ಅಲಾರಂ. ಡ್ರಾಯರಿಗೆ ಹೋದದ್ದೂ ಆಯಿತು.

ಜೂನ್ 22, ಭಾನುವಾರ. ಬೆಳಗಿನ ಜಾವ 5:30

ಪಕ್ಕದ ಗೋದಾಮಿನವರಿಂದ ನಾಲ್ಕು ಗ್ಯಾಸಿನ ಮೀಟರ್ ಎರವಲು ತಂದಿದ್ದೆ. ಪಂಪ್ ಇರುವಂಥದ್ದು. ಅದರ ನಳಿಗೆಯನ್ನು ಪಿವಿಸಿ ಪೈಪಿಗೆ ಕಟ್ಟಿ ಬಾಗಿಲಲ್ಲೇ ನಿಂತು ಒಳಗೆ ಚಾಚಿದೆ. ಮೀಟರಿನಲ್ಲಿ ಬರುವುದು ಹೊತ್ತಿಕೊಳ್ಳುವ ಮಟ್ಟದ ಶೇಕಡಾವಾರು: ಹೈಡ್ರೋಜನ್ ಶೇ. 4 ಇದ್ದರೆ 100, ಶೇ. 1 ಇದ್ದರೆ 25.

4:10. ಎದೆಯ ಎತ್ತರದಲ್ಲಿ 2. ಫ್ಯಾನಿನ ಹತ್ತಿರ 3. ಛಾವಣಿಯ ಕೆಳಗೆ ಏರುತ್ತ ಏರುತ್ತ 22. ಅದೇ ಮೀಟರಿನ ಕಾರ್ಬನ್ ಮೊನಾಕ್ಸೈಡ್ ಸೆಲ್ ಮಿತಿ ಮೀರಿ ಕೂಗಿತು. ಹಿರಿಯರು ಹೇಳಿದ್ದು ಸರಿ.

ಮೀಟರನ್ನು ಹೊಂದಿಸಿರುವುದು ಮೀಥೇನ್‌ಗೆ, ಹಾಗಾಗಿ ಹೈಡ್ರೋಜನ್‌ಗೆ 22 ಕರಾರುವಾಕ್ಕಲ್ಲ. ಆದರೂ ಕೆಳಗೆ 2, ಮೇಲೆ 22. ನಿಂತು ಕೆಲಸ ಮಾಡುವವನ ಮೂಗಿನ ಮಟ್ಟದಲ್ಲಿ ಏನೂ ಇಲ್ಲ. ಟ್ಯೂಬ್‌ಲೈಟ್ ಇರುವ ಮಟ್ಟದಲ್ಲಿ ಇದೆ. ಆ ಲೈಟುಗಳು ಮಾಮೂಲಿಯವು, ಚೋಕ್ ಇರುವ ಹಳೆಯವು.

ಆರಿಸಲಿಲ್ಲ. ಸ್ವಿಚ್ಚು ರೂಮಿನ ಒಳಗಿದೆ, ಒತ್ತಿದರೆ ಅದೇ ಕಿಡಿ. ಹೊರಗಿನ ಮೇನ್‌ನಲ್ಲಿ ಚಾರ್ಜರುಗಳನ್ನು ನಿಲ್ಲಿಸಿ, ಶಟರನ್ನು ಕೈಯಿಂದಲೇ ಪೂರ್ತಿ ಎತ್ತಿ, ಎಲ್ಲರನ್ನೂ ಅಂಗಳಕ್ಕೆ ಕಳಿಸಿದೆ. ಅರ್ಧ ಗಂಟೆ ಮಳೆಯಲ್ಲಿ ನಿಂತೆವು. ತಾತ ತನ್ನ ಕೊಡೆ ನನ್ನ ತಲೆಯ ಮೇಲೆ ಹಿಡಿದ. ಏನೂ ಕೇಳಲಿಲ್ಲ.

ಜೂನ್ 22, ಸಂಜೆ

ಟಾರ್ಪಾಲು ಬಿಚ್ಚಿಸಿದೆ. ಎರಡು ಚಾರ್ಜರುಗಳನ್ನು ವೆಂಟಿಲೇಟರಿನ ಕೆಳಗಿನಿಂದ ಸರಿಸಿದೆವು. ಇದನ್ನು ಮೇ ತಿಂಗಳಲ್ಲೇ ಮಾಡಬಹುದಿತ್ತು, ಮೂರು ಜನ, ಒಂದು ಮಧ್ಯಾಹ್ನ. ಕೇಬಲ್ ತೂತಿಗೆ ಬೆಂಕಿ ತಡೆಯುವ ಮಣ್ಣಿನಂಥ ಮೆತ್ತೆ ತುಂಬಿಸಿದೆ. ಟ್ಯೂಬ್‌ಲೈಟುಗಳನ್ನು ಇಳಿಸಿ ಹೊರಗಿನಿಂದ ಬೆಳಕು ಬರುವ ಹಾಗೆ ಮಾಡಬೇಕು. ಸ್ವಿಚ್ಚು ಹೊರಕ್ಕೆ.

ಫ್ಯಾನಿಲ್ಲದೆ ಬರೀ ಕಿಂಡಿಗಳಿಂದಲೇ ಗಾಳಿ ಆಡಬೇಕಾದರೆ ಎಷ್ಟು ಬೇಕು ಎಂದೂ ನೋಡಿದೆ. ಬೇಕಾದ ಗಾಳಿಯನ್ನು 28ರಿಂದ ಗುಣಿಸಿದರೆ ಚದರ ಸೆಂಟಿಮೀಟರ್ ಲೆಕ್ಕ. 288ಕ್ಕೆ 8,064, ಅಂದರೆ 0.8 ಚದರ ಮೀಟರ್. ಕೆಳಗೆ ಒಳಬರಲು ಅಷ್ಟು, ಮೇಲೆ ಹೊರಹೋಗಲು ಅಷ್ಟು, ಎದುರು ಬದುರು ಗೋಡೆಗಳಲ್ಲಿ. ನಮ್ಮ ಕೆಳಗಿನ ಜಾಲರಿಗೆ ಡಿಸ್ಟಿಲ್ಡ್ ವಾಟರ್ ಕ್ಯಾನುಗಳನ್ನು ಒತ್ತಿ ಜೋಡಿಸಿದ್ದಾರೆ.

ಜೂನ್ 24, ಮಂಗಳವಾರ. ಬೆಳಿಗ್ಗೆ 6:40

ಐದನೇ ಬ್ಯಾಟರಿ ಯಾಕೆ ಅಷ್ಟು ನೀರು ಕುಡಿಯುತ್ತದೆಂದು ನೋಡಲು ಬೆಳಗಿನವರೆಗೆ ಕೂತೆ. ಐದು ಐದೂವರೆಗೆಲ್ಲ ಉಳಿದ ಚಾರ್ಜರುಗಳು ತಾವೇ ನಿಂತವು. ಐದನೆಯದು ನಿಲ್ಲಲಿಲ್ಲ. ಆರೂವರೆಗೂ ಮೀಟರ್ 30 ಆಂಪಿಯರ್ ಹತ್ತಿರವೇ. ಸೆಲ್‌ನಲ್ಲಿ ಥರ್ಮಾಮೀಟರ್ ಇಟ್ಟರೆ 52 ಡಿಗ್ರಿ. 55 ದಾಟಬಾರದು.

ಆಗ ಡ್ರೈವರ್ ಬಂದ. ಅವಸರದಲ್ಲಿದ್ದ. ಚಾರ್ಜರ್ ಬಟನ್ ಒತ್ತದೆ ಸೀದಾ ಪ್ಲಗ್ ಹಿಡಿದ. "ತಡಿಯಪ್ಪಾ!" ಎಂದು ಕೂಗಿದೆ. ಬೆಚ್ಚಿ ಕೈ ಬಿಟ್ಟ. ದಿನಾ ಹೀಗೇ ಎಳೀತೀನಿ ಸಾರ್ ಅಂದ. ಬೇರೆ ಗಾಡಿ ಓಡಿಸುವವರೂ ಹಾಗೇ ಎಳೆಯುತ್ತಾರೆ, ಆದರೆ ಅಲ್ಲಿ ಚಾರ್ಜರ್ ಆಗಲೇ ನಿಂತಿರುತ್ತದೆ.

ಚಾರ್ಜರ್ ನಿಲ್ಲಿಸಿ ಪ್ಲಗ್ ಬಿಡಿಸಿ ನೋಡಿದೆ. ಉಳಿದ ಏಳು ಪ್ಲಗ್‌ಗಳ ತುದಿ ಹೊಳೆಯುತ್ತದೆ. ಇದರದ್ದು ಕಪ್ಪು, ಅಂಚು ಕರಗಿ ಗುಳಿ ಬಿದ್ದಿದೆ. ಉಗುರಿನಿಂದ ಕೆರೆದರೆ ಮಸಿ. ದಿನಾ ಬೆಳಿಗ್ಗೆ 30 ಆಂಪಿಯರ್ ಹರಿಯುವಾಗ ಎಳೆದದ್ದು, ದಿನಾ ಒಂದು ಕಿಡಿ. ಬ್ಯಾಟರಿ ಸೆಲ್‌ನ ಒಳಗೆ, ಆಸಿಡ್ ಮೇಲೆ ಇರುವ ಖಾಲಿ ಜಾಗದಲ್ಲಿ, ಹೈಡ್ರೋಜನ್ನೂ ಆಮ್ಲಜನಕವೂ ಬೆರೆತೇ ಇರುತ್ತವೆ. ಮುಚ್ಚಳದ ರಂಧ್ರದಿಂದ ಕಿಡಿಗೆ ಒಂದು ಮೊಳ.

ಮುಚ್ಚಿದ ಸೀಟು, ಕಟ್ಟಿದ ಟಾರ್ಪಾಲು, ನಿಲ್ಲದ ಚಾರ್ಜರ್, ಎಳೆದ ಪ್ಲಗ್. ಬೇರೆ ಬೇರೆ ಜನ, ಒಬ್ಬೊಬ್ಬರಿಗೂ ಅವರದೇ ಕಾರಣ. ಎಲ್ಲ ಒಂದೇ ಬೆಳಿಗ್ಗೆ ಕೂಡಿದ್ದರೆ ಎಂದು ಮುಂದೆ ಬರೆಯಲು ಆಗುತ್ತಿಲ್ಲ.

ಜೂನ್ 26, ಗುರುವಾರ

ಐದನೆಯದರ ಚಾರ್ಜರ್ ಬಿಚ್ಚಿದರು. ಕೊನೆಯ ಹಂತ ಶುರುವಾದಾಗಿನಿಂದ ಗಂಟೆ ಎಣಿಸಿ ನಿಲ್ಲಿಸುವ ಟೈಮರಿನ ರಿಲೇ ಅಂಟಿಕೊಂಡಿತ್ತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಕಾಂಟ್ಯಾಕ್ಟ್. ಬದಲಾಯಿಸಿದರು.

ಹುಡುಗ ಕೆಲಸಕ್ಕೆ ಬಂದ. ಡಾಕ್ಟರು ಕಲೆ ಉಳಿದಿಲ್ಲ ಎಂದರಂತೆ. ಲೈಟು ನೋಡಿದರೆ ಕಣ್ಣು ಚುಚ್ಚುತ್ತದೆ ಎನ್ನುತ್ತಾನೆ. ಎಷ್ಟು ದಿನ ಎಂದು ಕೇಳಿದ. ಗೊತ್ತಿಲ್ಲಪ್ಪ ಅಂದೆ. ಸದ್ಯ ಅವನಿಗೆ ರಿಜಿಸ್ಟರ್ ಕೆಲಸ. ಮುಖಕ್ಕೆ ಪೂರ್ತಿ ಶೀಲ್ಡ್ ತರಿಸಿದ್ದೇನೆ, ಕೆಳಗೆ ಮಂಜಾಗದ ಗಾಗಲ್ಸ್. ಶೀಲ್ಡ್ ಹಾಕಿಕೊಂಡು ಕನ್ನಡಿ ನೋಡಿಕೊಂಡ.

ಜೂನ್ 29, ಭಾನುವಾರ. ಬೆಳಗಿನ ಜಾವ

ಈಕ್ವಲೈಸಿಂಗ್ ರಾತ್ರಿ. ಅದೇ ಹೊತ್ತು, ಅದೇ ಜಾಗ, ಅದೇ ಮೀಟರ್. ಛಾವಣಿಯ ಕೆಳಗೆ 4. ಆಫೀಸಿನ ಅಲಾರಂ ಸುಮ್ಮನಿದೆ.

ಹೊರಗೆ ಗಾಳಿ ಇತ್ತು, ಟರ್ಬೋಗಳು ಚೆನ್ನಾಗಿ ತಿರುಗುತ್ತಿದ್ದವು. ಗಾಳಿ ನಿಂತ ರಾತ್ರಿ ಎಷ್ಟು ಬರುತ್ತದೆಂದು ಇನ್ನೂ ನೋಡಿಲ್ಲ.

ಜೂನ್ 30, ಸೋಮವಾರ

ಮ್ಯಾನೇಜರ್ ಸಾರ್ ಹತ್ತಿರ ಕೂತೆ. ಫ್ಯಾನನ್ನು ಛಾವಣಿಯ ಹತ್ತಿರಕ್ಕೆ ಏರಿಸಬೇಕು ಎಂದೆ. ಸ್ಟೋರಿನಲ್ಲಿ ಒಂದು ಫ್ಲೇಮ್‌ಪ್ರೂಫ್ ಫ್ಯಾನ್ ಇದೆಯಲ್ಲ, ಅದನ್ನೇ ಹಾಕಿಸಿ ಎಂದರು. ನೋಡಿ ಬಂದೆ. ಲೇಬಲ್ಲಿನಲ್ಲಿ Ex d IIB T4. ಹೈಡ್ರೋಜನ್ ಸೇರುವುದು IIC ಗುಂಪಿಗೆ. ತೀರ ಕಿರಿದಾದ ಸಂದಿಯಿಂದಲೂ ಅದರ ಬೆಂಕಿ ತೂರಿ ಹೊರಬರುತ್ತದೆ, ಆದ್ದರಿಂದ IIBಗೆ ಮಾಡಿದ ಪೆಟ್ಟಿಗೆ ಸಾಲದು. ಫ್ಲೇಮ್‌ಪ್ರೂಫ್ ಅಂದರೆ ಎಲ್ಲಕ್ಕೂ ಆಗುತ್ತದೆ ಎಂದು ಅವರು ನಂಬಿದ್ದರು. ಸಮಾಧಾನದಿಂದಲೇ ಕೇಳಿದರು.

ಇನ್ನೊಂದು ಕೇಳಿದ್ದೇನೆ: ಗಾಳಿ ಹರಿದರೆ ಮಾತ್ರ ಚಾರ್ಜರುಗಳಿಗೆ ಕರೆಂಟು. ಫ್ಯಾನಿನ ಸ್ವಿಚ್ಚಿಗೆ ಜೋಡಿಸಿದರೆ ಸಾಲದು, ಮೋಟರಿಗೆ ಕರೆಂಟು ಇದ್ದೂ ರೆಕ್ಕೆ ತಿರುಗದೆ ನಿಂತಿರಬಹುದು. ಗಾಳಿಯ ದಾರಿಯಲ್ಲೇ ಹರಿವು ನೋಡುವ ಸ್ವಿಚ್ ಬೇಕು. ಕೊಟೇಶನ್ ತರಿಸಿ ಎಂದರು. ಆಗಲಿ ಎಂದದ್ದೋ, ನೋಡೋಣ ಎಂದದ್ದೋ ತಿಳಿಯಲಿಲ್ಲ.

ಜುಲೈ 3, ಗುರುವಾರ

ಹುಡುಗ ರಿಜಿಸ್ಟರಿನಲ್ಲಿ ತಾನೇ ಹೊಸ ಕಾಲಂ ಎಳೆದಿದ್ದಾನೆ. ವಾರದ ಲೀಟರ್, ಹಿಂದಿನ ವಾರದ ಲೀಟರ್. ಐದನೆಯದು ಐದೂವರೆಗೆ ಇಳಿದಿದೆ. ನಾಲ್ಕಕ್ಕೆ ಬಂದಿಲ್ಲ.

ಹಿರಿಯರಿಗೆ ಫೋನ್ ಮಾಡಿದೆ. ಹಳೆಯ ಬ್ಯಾಟರಿ ಅಲ್ಲವೇ ಎಂದರು. ಪಾಸಿಟಿವ್ ಪ್ಲೇಟಿನ ಸೀಸದಲ್ಲಿರುವ ಆಂಟಿಮನಿ ವರ್ಷಗಳಲ್ಲಿ ಕರಗಿ ನೆಗೆಟಿವ್ ಪ್ಲೇಟಿನ ಮೇಲೆ ಕೂರುತ್ತದೆ. ಅಲ್ಲಿಂದ ಹೈಡ್ರೋಜನ್ ಬಿಡುವುದು ಸುಲಭವಾಗುತ್ತದೆ. ಚಾರ್ಜರ್ ಸರಿ ಇದ್ದರೂ ಮುದಿ ಬ್ಯಾಟರಿ ಹೊಸದಕ್ಕಿಂತ ಹೆಚ್ಚು ಗ್ಯಾಸ್ ಬಿಡುತ್ತದೆ, ಹೆಚ್ಚು ನೀರು ಕುಡಿಯುತ್ತದೆ. ಎಂಟರಲ್ಲಿ ಎರಡು ಅಂಥವು, ಐದು ಮತ್ತು ಎರಡು.

ಹಾಗಾದರೆ 30 ಆಂಪಿಯರ್ ಎಂದು ಹಾಕಿದ ಲೆಕ್ಕ ಇವೆರಡಕ್ಕೆ ಎಷ್ಟು ಸರಿ? ಸೂತ್ರದ ಐದು ಪಟ್ಟು ಅದನ್ನು ನುಂಗಿಕೊಳ್ಳಬಹುದು. ಬಹುದು.

ಜುಲೈ 5, ಶನಿವಾರ

ದಸರೆ, ದೀಪಾವಳಿ ಸರಕಿಗೆ ಇನ್ನೆರಡು ಗಾಡಿ ಬಾಡಿಗೆಗೆ ಬರುತ್ತವಂತೆ. ಇದೇ ರೂಮಿನಲ್ಲಿ ಇನ್ನೆರಡು ಚಾರ್ಜರ್ ಕೂರುತ್ತವೆಯೇ ಎಂದು ಮ್ಯಾನೇಜರ್ ಸಾರ್ ಕೇಳಿದ್ದಾರೆ. ನೆಲದಲ್ಲಿ ಜಾಗ ಇದೆ. ಹತ್ತು ಬ್ಯಾಟರಿಗೆ ಗಂಟೆಗೆ 360 ಘನಮೀಟರ್, ಕಿಂಡಿಯಾದರೆ ಮೇಲೊಂದು ಕೆಳಗೊಂದು ಚದರ ಮೀಟರ್. ಫ್ಯಾನ್ ಇನ್ನೂ ಎರಡು ಮೀಟರಿನಲ್ಲೇ ಇದೆ. ಹರಿವಿನ ಸ್ವಿಚ್ಚಿನ ಕೊಟೇಶನ್ ಬಂದಿದೆ, ಸಹಿ ಆಗಿಲ್ಲ. ಎಲ್ಲ ಒಂದೇ ಹೊತ್ತಿಗೆ ಕುದಿಯದಂತೆ ಅರ್ಧದಷ್ಟನ್ನು ಎರಡು ಗಂಟೆ ತಡವಾಗಿ ಶುರು ಮಾಡಬಹುದು; ಆದರೆ ಅವು ಬೆಳಿಗ್ಗೆ ಶಿಫ್ಟಿಗೆ ಸಿದ್ಧವಿರುವುದಿಲ್ಲ.

ಸೋಮವಾರ ಉತ್ತರ ಹೇಳಬೇಕು. ಫ್ಯಾನ್ ಮೇಲೇರಿ, ಸ್ವಿಚ್ ಕೂತು, ಗಾಳಿಯಿಲ್ಲದ ಒಂದು ರಾತ್ರಿ ಅಳೆದು ನೋಡುವ ತನಕ ಆಗದು ಎನ್ನುತ್ತೇನೆ. ಎರಡು ಮುದಿ ಬ್ಯಾಟರಿ ಬದಲಾಗಬೇಕು ಎಂಬುದನ್ನೂ ಸೇರಿಸಿದರೆ ಇಡೀ ಪತ್ರವನ್ನೇ ಬದಿಗಿಡುತ್ತಾರೋ ಎಂಬ ಅನುಮಾನ. ಸೇರಿಸದಿದ್ದರೆ ಬರೆದೂ ಏನು ಬಂತು. ಸೇರಿಸುತ್ತೇನೆ, ನೀರಿನ ರಿಜಿಸ್ಟರಿನ ಎರಡು ಪುಟ ಜೆರಾಕ್ಸ್ ಮಾಡಿ ಹಿಂದೆ ಲಗತ್ತಿಸುತ್ತೇನೆ.